ಬಿಸಿ ಬಿಸಿ ಇರುವಾಗಲೇ

ನಮ್ಮ ಮಲ್ಲಿಗೆ ತಿನ್ನುವ ವಿಷಯದಲ್ಲಿ ಭೇದಭಾವ ಇಲ್ಲ. ಅಕ್ಕಿರೊಟ್ಟಿ, ಚಪ್ಪಲಿ ಬಾರು, ಯಜಮಾನರ ಕರವಸ್ತ್ರ, ಹಿತ್ತಲಿನಲ್ಲಿ ಕರಿಯ ಆಗಷ್ಟೇ ಮಾಡಿದ ಕಕ್ಕ, ಎಲ್ಲವೂ ಅವಳಿಗೆ ಪ್ರಸಾದವೇ. ಮಲ್ಲಿ ಲ್ಯಾಬ್ರಡಾರ್. ಕರಿಯ ನಮ್ಮದೇ ರಸ್ತೆಯಲ್ಲಿ ಹುಟ್ಟಿ ಗೇಟಿನೊಳಗೆ ಸೇರಿಕೊಂಡ ನಾಯಿ. ಬೀದಿಯಲ್ಲಿ ಬೆಳೆದ ಕರಿಯ ಅನ್ನಕ್ಕೆ ತುಪ್ಪ ಬಿದ್ದಿದೆಯಾ ಅಂತ ಮೂಸಿ ನೋಡಿ ತಿನ್ನುತ್ತಾನೆ. ವಂಶಾವಳಿ ಪತ್ರ ಇಟ್ಟುಕೊಂಡು ಕಾರಿನಲ್ಲಿ ಬಂದಿಳಿದ ಮಲ್ಲಿ ಅವನ ಹಿಂದೆಯೇ ನಿಂತು ಬಿಸಿ ಬಿಸಿ ಇರುವಾಗಲೇ ಬಾಯಿ ಹಾಕುತ್ತಾಳೆ. ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೆ ಹೇಲು ಕಂಡು ಹಾರಿತಂತೆ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ಖಂಡಿತ ಇಂಥದ್ದೊಂದು ಇತ್ತು.

ಕಷ್ಟ ಆಗುವುದು ನೆಂಟರು ಬಂದಾಗ. ಹಿತ್ತಲಿನಿಂದ ಓಡಿ ಬಂದ ಮಲ್ಲಿ ಸೀದಾ ಅವರ ತೊಡೆ ಏರಿ ಕೆನ್ನೆ ನೆಕ್ಕುತ್ತಾಳೆ. "ಅಯ್ಯೋ, ಎಷ್ಟು ಪ್ರೀತಿ ಅಲ್ವಾ!" ಅಂತ ಅವರು ಇನ್ನೊಂದು ಕೆನ್ನೆಯನ್ನೂ ಕೊಡುತ್ತಾರೆ. ನಾವು ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಮೊದಲು ಮುಖ ತೊಳ್ಕೊಂಡು ಬನ್ನಿ, ಊಟಕ್ಕೆ ಹಾಕ್ತೀನಿ" ಅನ್ನುತ್ತೇವೆ. ನಮ್ಮ ಮನೆಯಲ್ಲಿ ಮಡಿ ಜಾಸ್ತಿ ಅಂತ ಹೆಸರಾಗಿದೆ.

ಇಂಥ ವಿಷಯ ಹೊರಗೆ ಬಿತ್ತೋ, ಮೈಸೂರಿನ ಅರ್ಧ ಜನ ಪಶುವೈದ್ಯರಾಗುತ್ತಾರೆ. ಪಕ್ಕದ ಮನೆ ಆಂಟಿ, "ವಿಟಮಿನ್ ಕಡಿಮೆ ಆಗಿರತ್ತೆ, ಅನಾನಸ್ ಹಾಕಿ" ಅಂದರು. ವಾಕಿಂಗ್‌ನಲ್ಲಿ ಸಿಗುವ ಅಂಕಲ್ ಸಿಹಿಗುಂಬಳ ಬೇಯಿಸಿ ಹಾಕಲು ಹೇಳಿದರು. ನನ್ನ ಮೈದುನ ಆನ್‌ಲೈನಿನಲ್ಲಿ ಒಂದು ಡಬ್ಬಿ ಮಾತ್ರೆಯನ್ನೇ ತರಿಸಿದ. ಇವೆಲ್ಲದರ ಹಿಂದಿನ ಲೆಕ್ಕ ಒಂದೇ, ಕಕ್ಕದ ರುಚಿ ಕೆಡಿಸಿದರೆ ನಾಯಿ ಮುಟ್ಟಲ್ಲ ಅಂತ. ಕೆಟ್ಟ ರುಚಿಯ ಕಕ್ಕ, ಒಳ್ಳೆ ರುಚಿಯ ಕಕ್ಕ ಅಂತ ಎರಡು ಬಗೆ ಇದೆ ಅಂತ ನಂಬಿದರೆ ಮಾತ್ರ ಈ ಲೆಕ್ಕ ಸರಿ. ಇನ್ನೊಂದು ಫಜೀತಿ ಏನಂದರೆ, ತಿನ್ನುವವಳು ಮಲ್ಲಿಯಾದರೂ ಮಾಡುವವನು ಹೆಚ್ಚಾಗಿ ಕರಿಯ. ಅನಾನಸ್ ತಿನ್ನಬೇಕಾದವನು ಅವನು. ಅವನು ಒಂದು ಹೋಳು ಮೂಸಿ ನೋಡಿ, ನನ್ನನ್ನೂ ನೋಡಿ, ಎದ್ದು ಹೋದ. ಹಣ್ಣು ಮಲ್ಲಿ ತಿಂದಳು.

ಈ ಔಷಧಿಗಳ ಕತೆಯನ್ನು ಅಮೆರಿಕದವರು ಲೆಕ್ಕ ಹಾಕಿಯೇ ನೋಡಿದ್ದಾರೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತವರ ಜೊತೆಯವರು ನಾಯಿ ಸಾಕಿದವರನ್ನು ಕೇಳಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 100ರಲ್ಲಿ ಸುಮಾರು 16 ನಾಯಿಗಳು ಈ ಕೆಲಸವನ್ನು ಮತ್ತೆ ಮತ್ತೆ ಮಾಡುವಂಥವು. ಇದನ್ನು ಓದಿ ನಮ್ಮ ಮನೆಯವರಿಗೆಲ್ಲ ಎಷ್ಟು ಸಮಾಧಾನ ಆಯಿತು ಅಂದರೆ, ಸಂಜೆ ಪಕೋಡ ಮಾಡಿದೆವು. ತಿನ್ನದಂತೆ ತಡೆಯಲು ಮಾರುವ ಪುಡಿ ಮಾತ್ರೆಗಳು ಕೆಲಸ ಮಾಡಿದ್ದು 100ಕ್ಕೆ ಎರಡು ಮನೆಗಳಲ್ಲೂ ಕಷ್ಟ. ಯಾವ ಊಟ ಹಾಕುತ್ತಾರೆ, ನಾಯಿಗೆ ವಯಸ್ಸೆಷ್ಟು ಎಂಬುದಕ್ಕೂ ಈ ಚಟಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡಿದ್ದು ಎರಡಕ್ಕೆ: ಗಬಗಬ ತಿನ್ನುವ ಹೊಟ್ಟೆಬಾಕ ನಾಯಿಗಳಲ್ಲಿ ಈ ಚಟ ಜಾಸ್ತಿ, ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಇನ್ನೂ ಜಾಸ್ತಿ. ಎರಡಕ್ಕೂ ನಮ್ಮ ಮನೆ ಪಾಸು.

ಅದರಲ್ಲಿ ನನ್ನ ಕಣ್ಣಿಗೆ ಬಿದ್ದ ಮುಖ್ಯ ಸಂಗತಿ ಬೇರೆ. ಈ ನಾಯಿಗಳು ತಿನ್ನುವುದು ಹೆಚ್ಚುಕಮ್ಮಿ ತಾಜಾ ಮಾಲನ್ನೇ, ಎರಡು ದಿನದ ಒಳಗಿನದನ್ನು. ಹಾರ್ಟ್ ಅವರ ಊಹೆ ಹೀಗಿದೆ: ತೋಳಗಳ ಕಾಲದಲ್ಲಿ ಯಾವುದಾದರೂ ತೋಳ ಹುಷಾರಿಲ್ಲದೆ ಗುಹೆಯ ಹತ್ತಿರವೇ ಮಾಡಿಬಿಟ್ಟರೆ, ಅದರಲ್ಲಿರುವ ಹುಳುವಿನ ಮೊಟ್ಟೆಗಳು ಬಲಿತು ರೋಗ ಹರಡುವ ಮೊದಲೇ ಉಳಿದ ತೋಳಗಳು ಅದನ್ನು ತಿಂದು ಜಾಗ ಚೊಕ್ಕ ಮಾಡುತ್ತಿದ್ದವು. ಅಂದರೆ ಮಲ್ಲಿ ತನ್ನ ಲೆಕ್ಕದಲ್ಲಿ ಹಿತ್ತಲು ಕ್ಲೀನ್ ಮಾಡುತ್ತಿದ್ದಾಳೆ. ನಾವು ಅವಳ ಕೆಲಸಕ್ಕೆ ಅಡ್ಡ ಬರುತ್ತಿದ್ದೇವೆ. ತಾಜಾ ತಿಂದರೆ ಏನೂ ಆಗಲ್ಲ ಅಂತ ಮಾತ್ರ ತಿಳಿಯಬೇಡಿ. ಜಿಯಾರ್ಡಿಯಾದಂಥ ರೋಗಾಣು ಹೊರಬಿದ್ದ ಕ್ಷಣದಿಂದಲೇ ಅಂಟುತ್ತದೆ.

ಇಷ್ಟಾದರೂ ಡಾಕ್ಟರ ಹತ್ತಿರ ಒಂದು ಸಲ ಹೋಗಲೇಬೇಕು, ಅದರಲ್ಲೂ ಇಷ್ಟು ವರ್ಷ ಇಲ್ಲದ ಚಟ ದೊಡ್ಡ ನಾಯಿಗೆ ಇದ್ದಕ್ಕಿದ್ದಂತೆ ಶುರುವಾದರೆ. ಹೊಟ್ಟೆಯಲ್ಲಿ ಹುಳು ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಕೆರೆತಕ್ಕೆ ಅಂತ ಕೊಟ್ಟ ಸ್ಟಿರಾಯ್ಡ್ ಮಾತ್ರೆ ಹಸಿವು ಕೆರಳಿಸಿರಬಹುದು. ಹಿಂದಿನ ಬೀದಿಯ ಜರ್ಮನ್ ಶೆಫರ್ಡ್ ಒಂದು ತಟ್ಟೆಗಟ್ಟಲೆ ತಿಂದರೂ ಪಕ್ಕೆಲುಬು ಎಣಿಸುವಂತಿತ್ತು. ದಿನಕ್ಕೆ ಹತ್ತಾರು ಸಲ ರಾಶಿ ಹಾಕುತ್ತಿತ್ತು, ಮಾಸಲು ಬಣ್ಣ, ಎಣ್ಣೆ ಜಿಡ್ಡು, ಮತ್ತೆ ತಾನೇ ತಿನ್ನುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಮೇದೋಜೀರಕ ಗ್ರಂಥಿ ಜೀರ್ಣರಸ ಬಿಡುತ್ತಿಲ್ಲ ಅಂತ ಗೊತ್ತಾಯಿತು. ತಿಂದದ್ದು ಅರಗದೆ ಹಾಗೇ ಹೊರಗೆ ಬರುತ್ತಿತ್ತು. ಪಾಪ, ಅದರ ಲೆಕ್ಕಕ್ಕೆ ಅದು ಎರಡನೇ ಪಂಕ್ತಿ ಊಟ. ಊಟಕ್ಕೆ ಕಿಣ್ವದ ಪುಡಿ ಬೆರೆಸಲು ಶುರು ಮಾಡಿದ ಮೇಲೆ ಮೈ ಹಿಡಿಯಿತು, ಚಟವೂ ಇಳಿಯಿತು.

ಮಲ್ಲಿಯದೂ ಪರೀಕ್ಷೆ ಆಗಬೇಕಲ್ಲ. ಸ್ಯಾಂಪಲ್ ತಾಜಾ ಇರಬೇಕು ಅಂದರು ಡಾಕ್ಟರು. ಬೆಳಿಗ್ಗೆ ಹಿತ್ತಲಿನಲ್ಲಿ ಮಲ್ಲಿ ಹಿಂದೆ ಡಬ್ಬಿ ಹಿಡಿದು ನಾನು, ನನ್ನ ಹಿಂದೆ ಕರಿಯ. ಡಬ್ಬಿ ಭದ್ರ ಮಾಡಿ ಬ್ಯಾಗಿನಲ್ಲಿಟ್ಟೆ. ಆಟೋದಲ್ಲಿ ಚಿಲ್ಲರೆ ಹುಡುಕಲು ಬ್ಯಾಗಿಗೆ ಕೈ ಹಾಕಿದ ಯಜಮಾನರು, "ಇದೇನೇ, ಗೊಜ್ಜಾ?" ಅಂತ ಮುಚ್ಚಳಕ್ಕೆ ಕೈ ಹಾಕಿದರು. ನಾನು ಹಾಕಿದ ಕೂಗಿಗೆ ಆಟೋದವರು ಬ್ರೇಕ್ ಹಾಕಿದರು. ಹುಳು ಇರಲಿಲ್ಲ. ಡಾಕ್ಟರು ಮಲ್ಲಿಯ ತೂಕ ನೋಡಿ, "ಇವಳಿಗೆ ಕೊರತೆ ಏನೂ ಇಲ್ಲಮ್ಮ, ಅವಕಾಶ ಜಾಸ್ತಿ ಇದೆ" ಅಂದರು. ಮೂರು ತಿಂಗಳಿಗೊಮ್ಮೆ ಹುಳುವಿನ ಮಾತ್ರೆ ತಪ್ಪಿಸಬೇಡಿ ಅಂತಲೂ ಹೇಳಿದರು.

ಅವಕಾಶ ಕಡಿಮೆ ಮಾಡುವುದೇ ನಿಜವಾದ ಮದ್ದು. ನಮ್ಮಲ್ಲಿ ನಾಯಿಗಳನ್ನು ಹಿತ್ತಲಿಗೋ ತಾರಸಿಗೋ ಬಿಟ್ಟು, ಸಂಜೆ ಕೆಲಸದವರು ಬಂದು ಗುಡಿಸಲಿ ಅಂತ ಬಾಗಿಲು ಹಾಕಿಕೊಳ್ಳುವುದು ರೂಢಿ. ಅಂದರೆ ದಿನವಿಡೀ ಬಫೆ. ಈಗ ಎರಡನ್ನೂ ಒಟ್ಟಿಗೆ ಬಿಡುವುದಿಲ್ಲ. ಮೊದಲು ಕರಿಯ ಹೋಗುತ್ತಾನೆ, ಅವನದ್ದನ್ನು ಅಲ್ಲೇ ಎತ್ತಿ ಕವರಿಗೆ ಹಾಕಿದ ಮೇಲೆ ಮಲ್ಲಿ. ಅವಳ ಕುತ್ತಿಗೆಗೆ ಹಗ್ಗ ಇದ್ದೇ ಇರುತ್ತದೆ, ಸ್ವಂತ ಹಿತ್ತಲಾದರೂ ಸರಿ. ಅವಳು ಮುಗಿಸಿ ಸೊಂಟ ಎತ್ತುವ ಆ ಗಳಿಗೆ ಇದೆಯಲ್ಲ, ಎಲ್ಲ ನಡೆಯುವುದು ಅಲ್ಲೇ. ತಿರುಗಿ ತನ್ನದನ್ನೇ ಮೂಸುವ ಮೊದಲೇ "ಮಲ್ಲಿ, ಬಾ!" ಅನ್ನಬೇಕು, ಬಂದರೆ ಬೇಯಿಸಿದ ಕೋಳಿಯ ಚೂರು ಬಾಯಿಗೆ ಬೀಳಬೇಕು. ಬಿಸ್ಕತ್ತಿಗೆಲ್ಲ ಅವಳು ಬಗ್ಗುವುದಿಲ್ಲ, ಕಕ್ಕದ ಎದುರು ಸ್ಪರ್ಧೆಗೆ ನಿಲ್ಲುವ ವಸ್ತು ಬೇಕು. ಚೂರು ಚೂರಾಗಿ ಎರಡು ಮೂರು ಸಲ ಕೊಡುತ್ತಾ ಬಾಗಿಲವರೆಗೆ ಕರೆತಂದು ಒಳಗೆ ಬಿಟ್ಟು, ಆಮೇಲೆ ಹೋಗಿ ಎತ್ತಬೇಕು. ಈಗೀಗ ಮಲ್ಲಿ ಮುಗಿಸಿದ ತಕ್ಷಣ ತಾನಾಗಿಯೇ ತಿರುಗಿ ನನ್ನ ಕೈ ನೋಡುತ್ತಾಳೆ. ಕೈಯಲ್ಲಿ ಏನೂ ಇಲ್ಲ ಅಂತ ಗೊತ್ತಾದರೆ ಹಳೇ ಕಸುಬಿಗೆ ವಾಪಸ್.

ನಮ್ಮತ್ತೆಗೆ ಈ ಕೋಳಿ ಲಂಚ ಸರಿ ಕಾಣಲಿಲ್ಲ. ಅವರದು ಪೊರಕೆ ದಾರಿ. ಅವರು ಪೊರಕೆ ಹಿಡಿದು ಕೂಗುತ್ತಾ ಓಡಿ ಬಂದಷ್ಟೂ ಮಲ್ಲಿ ಒಂದನ್ನೇ ಕಲಿತಳು: ಬೇಗ ನುಂಗಬೇಕು. ಮೂತಿ ಹಿಡಿದು ಅದರ ಮೇಲೇ ಉಜ್ಜುವವರೂ ಇದ್ದಾರೆ. ಅದರಿಂದ ನಾಯಿಗೆ ಮನುಷ್ಯರ ಮೇಲೆ ಭಯ ಬರುತ್ತದೆ, ಕಕ್ಕದ ಮೇಲೆ ಬರಲ್ಲ.

ಕಸದ ತೊಟ್ಟಿಯ ಕತೆ ಇದರ ಅಣ್ಣ. ಕಕ್ಕದಲ್ಲಿ ಅಸಹ್ಯ ಜಾಸ್ತಿ, ಅಪಾಯ ಕಡಿಮೆ. ಕಸದಲ್ಲಿ ತದ್ವಿರುದ್ಧ. ನಮ್ಮ ರಸ್ತೆಯ ತಿರುವಿನಲ್ಲಿ, ಟ್ರಾನ್ಸ್‌ಫಾರ್ಮರ್ ಕೆಳಗೆ ಜನ ರಾತ್ರೋರಾತ್ರಿ ಕವರ್ ಎಸೆಯುತ್ತಾರೆ. ಮಲ್ಲಿಗೆ ಅಲ್ಲಿ ಯಾವತ್ತೋ ಒಮ್ಮೆ ಬಿರಿಯಾನಿ ಮೂಳೆ ಸಿಕ್ಕಿತ್ತು. ಅಷ್ಟು ಸಾಕು. ಆಮೇಲೆ ನೂರು ಸಲ ಏನೂ ಸಿಗದಿದ್ದರೂ ನೂರಾ ಒಂದನೇ ಸಲಕ್ಕೆ ಎಳೆಯುತ್ತಾಳೆ, ಲಾಟರಿ ಚಟ ಹತ್ತಿದವರ ಹಾಗೆ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಮಾವಿನ ವಾಟೆ, ಜೋಳದ ದಿಂಡು, ಸಾರು ಅಂಟಿದ ಪ್ಲಾಸ್ಟಿಕ್ ಕವರ್ ಕರುಳಲ್ಲಿ ಸಿಕ್ಕಿಕೊಳ್ಳುತ್ತವೆ.

ಮಾವಿನ ಕಾಲದಲ್ಲಿ ಒಂದು ಸಂಜೆ ಅವಳ ಬಾಯಲ್ಲಿ ವಾಟೆ ಕಂಡಿತು. ಮಗ ದವಡೆ ಬಿಡಿಸಲು ಕೈ ಹಾಕಿದ, ಗುಳುಕ್. ಬಾಯಿಗೆ ಕೈ ಹಾಕಿದರೆ ನಾಯಿ ನುಂಗುತ್ತದೆ, ಇದು ಹೆಚ್ಚುಕಡಿಮೆ ಖಾತ್ರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂತ ಯಾರೋ ಲೋಟ ಹಿಡಿದು ಬಂದರು. ಉಪ್ಪು ಮೈಗೇರಿದರೆ ಅದೇ ಪ್ರಾಣ ತೆಗೆಯಬಹುದು ಅಂತ ಬೈದು ಸೀದಾ ಆಸ್ಪತ್ರೆಗೆ ಓಡಿದೆವು. ನುಂಗಿ ಸುಮಾರು ಎರಡು ಗಂಟೆಯ ಒಳಗಾದರೆ ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಲು ಪ್ರಯತ್ನಿಸಬಹುದು. ಚೂಪಾದದ್ದು ನುಂಗಿದ್ದರೆ ಅದೂ ಬೇಡ ಅನ್ನುತ್ತಾರೆ. ನಮ್ಮ ಪುಣ್ಯಕ್ಕೆ ವಾಟೆ ಹೊರಬಂತು, ಜೊತೆಗೆ ಮೈದುನನ ಮಾತ್ರೆ ಡಬ್ಬಿಯ ಮುಚ್ಚಳವೂ. ಯಾರೂ ನೋಡದೆ ನುಂಗಿದ್ದರೆ ಗುರುತು ಇಷ್ಟು: ಬಿಡದೆ ವಾಂತಿ, ಊಟದ ಕಡೆ ಮುಖ ಮಾಡದಿರುವುದು, ಹೊಟ್ಟೆ ಮುಟ್ಟಿಸಿಕೊಳ್ಳದಿರುವುದು, ಕಕ್ಕವೇ ಬಾರದಿರುವುದು. ಆಗ ನಾಳೆ ನೋಡೋಣ ಅನ್ನಬಾರದು.

ಅಲ್ಲಿಂದ "ಬಿಡು" ಪಾಠ ಶುರು. ಮುಷ್ಟಿಯಲ್ಲಿ ರಸ್ಕಿನ ಚೂರು ಹಿಡಿದು ಮೂತಿಯ ಮುಂದೆ ಇಡಬೇಕು. ಅವಳು ನೆಕ್ಕುತ್ತಾಳೆ, ಕೆರೆಯುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ. ಮೂತಿ ಹಿಂದೆ ಸರಿದ ಕ್ಷಣ "ಬಿಡು" ಅಂದು, ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದನ್ನು ಕೊಡಬೇಕು. ಇದು ಕೂತ ಮೇಲೆ ಚೂರನ್ನು ನೆಲದ ಮೇಲೆ ಕಾಲಡಿ ಇಟ್ಟು, ಆಮೇಲೆ ಹಗ್ಗ ಹಿಡಿದು ಅದರ ಪಕ್ಕ ನಡೆದು, ಕೊನೆಗೆ ರಸ್ತೆ. ನಮ್ಮ ಮನೆಯ ಹಾಲ್‌ನಲ್ಲಿ ಮಲ್ಲಿ ಡಿಸ್ಟಿಂಕ್ಷನ್. ಟ್ರಾನ್ಸ್‌ಫಾರ್ಮರ್ ಕೆಳಗೆ ಇವತ್ತಿಗೂ ಜಸ್ಟ್ ಪಾಸ್. ಹಾಗಾಗಿ ಆ ತಿರುವೇ ಬೇಡ ಅಂತ ಬೇರೆ ರಸ್ತೆಯಲ್ಲಿ ಹೋಗುತ್ತೇವೆ.

ಬುಟ್ಟಿಯಂಥ ಬಾಯಿಕುಕ್ಕೆಯನ್ನೂ ತಂದಿದ್ದೇವೆ. ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿ ಬಿಗಿಯುವ ಬಟ್ಟೆಯದು ನಮ್ಮ ಬಿಸಿಲಿಗೆ ಬೇಡವೇ ಬೇಡ. ಬುಟ್ಟಿ ಹಾಕಿದ ದಿನ ರಸ್ತೆಯ ಮಕ್ಕಳೆಲ್ಲ, "ಆಂಟಿ, ಕಚ್ಚತ್ತಾ?" ಅಂತ ಗೋಡೆ ಹತ್ತಿದರು. ಮೂಳೆ, ವಾಟೆ ತಡೆಯಲು ಅದು ಒಳ್ಳೆಯದು. ಮೆತ್ತಗಿನ ಕಕ್ಕಕ್ಕೆ ಮಾತ್ರ ಉಪಯೋಗ ಇಲ್ಲ, ಶಾವಿಗೆ ಒತ್ತಿದ ಹಾಗೆ ತೂತುಗಳಲ್ಲಿ ತುಂಬಿಕೊಳ್ಳುತ್ತದೆ. ತೊಳೆಯುವವರು ನಾವು.

ಈಗ ಹಿತ್ತಲು ಚೊಕ್ಕ ಇದೆ, ತಿರುವು ತಪ್ಪಿದೆ. ಆದರೆ ಬೇರೆ ರಸ್ತೆಯಲ್ಲಿ ಹಸುಗಳು ಜಾಸ್ತಿ, ಮಲ್ಲಿ ಸಗಣಿಗೆ ಬಂದಿದ್ದಾಳೆ. "ಹಸುಗೆ ಹುಳುವಿನ ಔಷಧಿ ಹಾಕಿದ್ದರೆ ಅದು ಸಗಣೀಲೂ ಇರತ್ತೆ, ಎಳೆದುಕೊಂಡು ಬನ್ನಿ" ಅಂತ ಡಾಕ್ಟರು ಹೇಳಿದ್ದಾರೆ ಅಂದೆ. ಅತ್ತೆ ಒಪ್ಪಲಿಲ್ಲ. "ಸಗಣಿ ಆದ್ರೆ ತಿನ್ಲಿ ಬಿಡೇ, ಹೊಟ್ಟೆ ಶುದ್ಧ ಆಗತ್ತೆ" ಅಂದರು, ಮತ್ತು ಅವತ್ತೇ ಮೊದಲ ಸಲ ಮಲ್ಲಿಗೆ ಕೆನ್ನೆ ಕೊಟ್ಟರು.