ಉಚ್ಚಾರಣೆಯೂ ಅನುಮಾನವೂ

“ಪರಭಾಷೆಯಲ್ಲಿ ತಪ್ಪಿಲ್ಲದೆ ಮಾತನಾಡಿದರೂ ಹೊಸ ಕಚೇರಿಯಲ್ಲಿ ನನ್ನ ಮಾತನ್ನು ಏಕೆ ಅನುಮಾನಿಸುತ್ತಾರೆ?”

2010ರಲ್ಲಿ ಶಿರಿ ಲೆವ್-ಆರಿ ಮತ್ತು ಬೋವಜ್ ಕೀಸರ್ ಪ್ರಕಟಿಸಿದ ಅಧ್ಯಯನದಲ್ಲಿ, ಜಿರಾಫೆ ಒಂಟೆಗಿಂತ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು ಎಂಬಂತಹ ವಾಕ್ಯಗಳನ್ನು ಪರಭಾಷಿಕರ ಉಚ್ಚಾರಣೆಯಲ್ಲಿ ಕೇಳಿದವರು, ಮಾತನಾಡುವವರು ಬೇರೊಬ್ಬರು ಬರೆದುಕೊಟ್ಟದ್ದನ್ನಷ್ಟೇ ಹೇಳುತ್ತಿದ್ದಾರೆಂದು ತಿಳಿದಿದ್ದರೂ, ಕಡಿಮೆ ನಂಬಿದರು. ಅರ್ಥಮಾಡಿಕೊಳ್ಳಲು ಪಟ್ಟ ಶ್ರಮವನ್ನೇ ಕೇಳುಗರು ಮಾತು ನಿಜವಲ್ಲದಿರುವುದರ ಸೂಚನೆಯೆಂದು ತಪ್ಪಾಗಿ ಗ್ರಹಿಸುತ್ತಾರೆ ಎಂಬುದು ಸಂಶೋಧಕರ ವಿವರಣೆ. ಇದಕ್ಕೆ ದ್ವೇಷವೇ ಬೇಕೆಂದಿಲ್ಲ (ಅದೂ ಇದ್ದರಂತೂ ಕೇಳುವುದೇ ಬೇಡ).

ಆದ್ದರಿಂದ ಎದುರಿನವರು ಹುಬ್ಬು ಗಂಟಿಕ್ಕಿದಾಗ ಕ್ಷಮೆ ಕೋರಿ, ಇಡೀ ವಾಕ್ಯವನ್ನು ಅವಸರದಲ್ಲಿ ಮರುಹೇಳಿದರೆ ಅವರ ಶ್ರಮ ಹೆಚ್ಚುತ್ತದಷ್ಟೇ. “ಯಾವ ಪದ ತಿಳಿಯಲಿಲ್ಲ?” ಎಂದು ಸಮಾಧಾನದಿಂದ ಕೇಳಿ, ಅದನ್ನಷ್ಟೇ ಬೇರೆ ಮಾತಿನಲ್ಲಿ ಹೇಳುವುದು ಮೇಲು. ಒಮ್ಮೆ ನನ್ನ ‘ಫಿಫ್ಟೀನ್’ ಸಭೆಯಲ್ಲಿ ‘ಫಿಫ್ಟಿ’ಯಾಗಿ ಕೇಳಿಸಿತು, ಅಂದಿನಿಂದ ಅಂಕಿಗೆ ಮೊದಲು ಅರೆಕ್ಷಣ ನಿಂತು, “ಒನ್, ಫೈವ್” ಎಂದು ಬಿಡಿಸಿ ಹೇಳುತ್ತೇನೆ.