ಬಂಪರ್ ಸರಿಹೋದ ಮೇಲೂ ಏರ್‌ಬ್ಯಾಗ್ ಲೈಟ್ ಏಕೆ ಆರುವುದಿಲ್ಲ?

ಸಣ್ಣ ಡಿಕ್ಕಿಯಾದ ಕಾರಿಗೆ ಹೊಸ ಬಂಪರ್ ಹಾಕಿ, ಬಣ್ಣ ಬಳಿದು ಮುಗಿಸಿದ ಮೇಲೂ ಏರ್‌ಬ್ಯಾಗ್ ಲೈಟ್ ಉರಿಯುತ್ತಲೇ ಇದ್ದರೆ, "ಏರ್‌ಬ್ಯಾಗ್ ತೆರೆದೇ ಇಲ್ಲವಲ್ಲ, ಮಾಡ್ಯೂಲಿನಲ್ಲಿ ಡೇಟಾ ಉಳಿದಿದೆ, ಅಳಿಸಿದರೆ ಸಾಕು" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅಳಿಸುವುದನ್ನು ಮೊದಲ ಕೆಲಸವಾಗಿ ಮಾಡಿದರೆ ಒಳಗೆ ಕುಳಿತವರ ರಕ್ಷಣೆಯೇ ಹೋಗಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ.

ಏರ್‌ಬ್ಯಾಗ್ ಯಾವಾಗ ತೆರೆಯಬೇಕೆಂದು ನಿರ್ಧರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಏರ್‌ಬ್ಯಾಗ್ ಮಾಡ್ಯೂಲ್. ಅದರೊಳಗೆ ಎರಡು ಬಗೆಯ ದಾಖಲೆಗಳಿರುತ್ತವೆ. ಒಂದು, ತಂತಿ, ಸೆನ್ಸರ್ ಅಥವಾ ಸಿಡಿಯುವ ಭಾಗಗಳಲ್ಲಿ ಕಂಡ ದೋಷದ ಕೋಡ್. ಇನ್ನೊಂದು, ಡಿಕ್ಕಿಯ ದಾಖಲೆ. ಅಮೆರಿಕದ ನಿಯಮದಲ್ಲಿ, ಕಾರಿನ ವೇಗ 150 ಮಿಲಿಸೆಕೆಂಡುಗಳೊಳಗೆ ಗಂಟೆಗೆ 8 ಕಿ.ಮೀ.ನಷ್ಟು ಅಥವಾ ಅದಕ್ಕಿಂತ ಹೆಚ್ಚು ಬದಲಾದರೆ ಆ ಘಟನೆ ದಾಖಲಾಗಬೇಕು. ಅದಕ್ಕೆ ಹಿಂದಿನ ಕೆಲವು ಸೆಕೆಂಡುಗಳ ವೇಗ ಮತ್ತು ಬ್ರೇಕಿನ ಸ್ಥಿತಿಯೂ ಅದರೊಂದಿಗೆ ಉಳಿಯುತ್ತದೆ. ಏನೂ ಸಿಡಿಯದ ಘಟನೆಯ ದಾಖಲೆಯ ಮೇಲೆ ಮುಂದಿನ ಘಟನೆಯೊಂದು ಬಂದು ಕೂರಬಹುದು, ಮತ್ತು ಅಂಥ ದಾಖಲೆಯೊಂದೇ ಇದ್ದರೆ ಸಾಮಾನ್ಯವಾಗಿ ಲೈಟ್ ಉರಿಯುವುದಿಲ್ಲ. ಆದ್ದರಿಂದ ಸಣ್ಣ ಡಿಕ್ಕಿಯ ನಂತರ ಲೈಟ್ ಉರಿಯುತ್ತಲೇ ಇದೆ ಎಂದರೆ ಎಲ್ಲೋ ಒಂದು ಭಾಗ ಕೆಟ್ಟಿದೆ ಅಥವಾ ಬಳಕೆಯಾಗಿ ಹೋಗಿದೆ ಎಂದೇ ಮೊದಲು ಅನುಮಾನಿಸಬೇಕು.

ಬಳಕೆಯಾಗಿ ಹೋಗುವ ಭಾಗಗಳಲ್ಲಿ ಜನರ ಗಮನಕ್ಕೆ ಬಾರದೇ ಉಳಿಯುವುದು ಸೀಟ್ ಬೆಲ್ಟ್ ಪ್ರಿಟೆನ್ಷನರ್. ಡಿಕ್ಕಿಯ ಕ್ಷಣದಲ್ಲಿ ಒಂದು ಚಿಕ್ಕ ಸ್ಫೋಟದಿಂದ ಬೆಲ್ಟನ್ನು ಬಿಗಿಯಾಗಿ ಎಳೆಯುವ ಈ ಭಾಗ ಒಮ್ಮೆ ಮಾತ್ರ ಕೆಲಸ ಮಾಡಬಲ್ಲದು. ಅನೇಕ ಕಾರುಗಳಲ್ಲಿ ಅದು ಸಿಡಿಯುವ ಮಿತಿ ಏರ್‌ಬ್ಯಾಗಿನ ಮಿತಿಗಿಂತ ಕಡಿಮೆಯಿರುವುದರಿಂದ, ಏರ್‌ಬ್ಯಾಗ್ ಮಡಚಿದಂತೆಯೇ ಇದ್ದರೂ ಪ್ರಿಟೆನ್ಷನರ್ ಮುಗಿದುಹೋಗಿರಬಹುದು.

ಇಂಥದೊಂದು ಕಾರನ್ನೇ ಉದಾಹರಣೆಯಾಗಿ ನೋಡೋಣ. ಮುಂಭಾಗಕ್ಕೆ ಪೆಟ್ಟು ಬಿದ್ದಿದೆ, ಏರ್‌ಬ್ಯಾಗ್ ತೆರೆದಿಲ್ಲ. ಚಾಲಕನ ಬೆಲ್ಟ್ ಸರಾಗವಾಗಿ ಹಿಂದಕ್ಕೆ ಸುತ್ತಿಕೊಳ್ಳುತ್ತಿಲ್ಲ. ಬಕಲ್ ಬದಿಯಲ್ಲಿ ಪ್ರಿಟೆನ್ಷನರ್ ಇರುವ ಕಾರಾಗಿದ್ದರೆ ಬಕಲ್ ಪಕ್ಕದ ಸೀಟಿನದಕ್ಕಿಂತ ಕೆಳಗೆ ಇಳಿದಿರುತ್ತದೆ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಇಲ್ಲಿ ಏನನ್ನೂ ತೋರಿಸುವುದಿಲ್ಲ. ಏರ್‌ಬ್ಯಾಗ್ ಮಾಡ್ಯೂಲಿನೊಂದಿಗೆ ಮಾತನಾಡಬಲ್ಲ ಸ್ಕ್ಯಾನರೇ ಬೇಕು. ಅದರಲ್ಲಿ ಎರಡು ಕೋಡ್‌ಗಳು ಕಾಣುತ್ತವೆ: ಚಾಲಕನ ಪ್ರಿಟೆನ್ಷನರ್ ಸರ್ಕ್ಯೂಟಿನಲ್ಲಿ ರೆಸಿಸ್ಟೆನ್ಸ್ ಹೆಚ್ಚಿದೆ ಎಂಬುದು ಒಂದು, ಡಿಕ್ಕಿಯ ದಾಖಲೆ ಉಳಿದಿದೆ ಎಂಬುದು ಮತ್ತೊಂದು. ಬೆಲ್ಟ್ ಜೋಡಣೆಯನ್ನು ಪೂರ್ತಿ ಬದಲಿಸಿದಾಗ ಮೊದಲ ಕೋಡ್ ಹಳೆಯ ದೋಷವಾಗಿ ಬದಲಾಗುತ್ತದೆ, ಅಳಿಸಿದರೆ ಹೋಗುತ್ತದೆ. ಎರಡನೆಯದು ಪ್ರಿಟೆನ್ಷನರ್ ಸಿಡಿದ ಘಟನೆಯ ದಾಖಲೆಯಾದ್ದರಿಂದ ಹೋಗುವುದಿಲ್ಲ, ಲೈಟೂ ಆರುವುದಿಲ್ಲ. ಬ್ಯಾಟರಿ ತೆಗೆದು ರಾತ್ರಿಯಿಡೀ ಬಿಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ವಿದ್ಯುತ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿ ಅದನ್ನು ಬರೆಯಲಾಗಿದೆ. ಸಾಮಾನ್ಯ ಆದೇಶಕ್ಕೆ ಅಳಿಯದಂತೆ ತಯಾರಕರು ಬೇಕೆಂದೇ ಹಾಗೆ ಮಾಡಿದ್ದಾರೆ.

ಈ ನಿರ್ಬಂಧ ಸರಿಯಾದುದೆಂದೇ ನಾನು ನಂಬುತ್ತೇನೆ. ಮಾಡ್ಯೂಲ್ ಅಳೆಯಬಲ್ಲದ್ದು ಸರ್ಕ್ಯೂಟಿನ ರೆಸಿಸ್ಟೆನ್ಸನ್ನು ಮಾತ್ರ. ಅದು ಸಾಮಾನ್ಯವಾಗಿ 2 ಓಮ್ ಆಸುಪಾಸಿನಲ್ಲಿರುತ್ತದೆ. ಸಿಡಿದುಹೋದ ಪ್ರಿಟೆನ್ಷನರ್ ಜಾಗದಲ್ಲಿ ಯಾರಾದರೂ ಅಷ್ಟೇ ಓಮ್‌ನ ರೆಸಿಸ್ಟರ್ ಜೋಡಿಸಿ, ಮೆಮೊರಿ ಚಿಪ್ಪಿನಲ್ಲಿ ಡಿಕ್ಕಿಯ ದಾಖಲೆಯಿಲ್ಲದ ಹಳೆಯ ಫೈಲ್ ಬರೆದುಬಿಟ್ಟರೆ ಮಾಡ್ಯೂಲ್ ಮೋಸಹೋಗುತ್ತದೆ. ಲೈಟ್ ಆರುತ್ತದೆ, ಆದರೆ ಮುಂದಿನ ಡಿಕ್ಕಿಯಲ್ಲಿ ಬೆಲ್ಟನ್ನು ಎಳೆಯಲು ಅಲ್ಲಿ ಏನೂ ಇರುವುದಿಲ್ಲ.

ಹಾಗೆಂದು ಪ್ರತಿಯೊಂದು ಲೈಟಿಗೂ ಮಾಡ್ಯೂಲ್ ಬದಲಿಸಬೇಕೆಂದಲ್ಲ. ಬಂಪರಿನ ಹಿಂದಿರುವ ಮುಂಭಾಗದ ಸೆನ್ಸರ್ ಒಡೆದಿದ್ದರೆ ಅಥವಾ ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಸಡಿಲವಾಗಿದ್ದರೆ, ಅದನ್ನು ಸರಿಪಡಿಸಿದ ಮೇಲೆ ಕೋಡ್ ಅಳಿಯುತ್ತದೆ, ಅಲ್ಲಿಗೆ ವಿಷಯ ಮುಗಿಯಿತು. ಡಿಕ್ಕಿಯ ದಾಖಲೆ ಬೀಗಬಿದ್ದಂತಿದ್ದರೆ ಮಾತ್ರ ಆ ಮಾದರಿಯ ತಯಾರಕರ ಸೂಚನೆ ನೋಡಬೇಕು. ಹೊಸ ಮಾಡ್ಯೂಲ್ ಹಾಕಿ ಆ ಕಾರಿಗೆ ಪ್ರೋಗ್ರಾಂ ಮಾಡಿಸುವುದೇ ಹೆಚ್ಚಿನ ತಯಾರಕರು ಹೇಳುವ ದಾರಿ. ರೀಸೆಟ್ ಮಾಡಿಸಲೇಬೇಕಾಗಿ ಬಂದರೆ, ಸಿಡಿದ ಭಾಗಗಳೆಲ್ಲ ಬದಲಾದ ಮೇಲೆಯೇ ಮಾಡಿಸಬೇಕು, ಅದಕ್ಕೂ ಮುನ್ನ ಸ್ಕ್ಯಾನ್ ವರದಿಯನ್ನು ಉಳಿಸಿಕೊಳ್ಳಬೇಕು. ಯಾವ ಭಾಗ ಸಿಡಿದಿತ್ತು ಎಂದು ಆಮೇಲೆ ತಿಳಿಯಲು ಹೆಚ್ಚಾಗಿ ಅದೊಂದೇ ಪುರಾವೆ ಉಳಿಯುತ್ತದೆ.

ಕೆಲಸ ಮಾಡುವವರಿಗೆ ಒಂದು ಮಾತು: ಬ್ಯಾಟರಿಯ ನೆಗೆಟಿವ್ ತೆಗೆದ ಮೇಲೂ ಮಾಡ್ಯೂಲಿನ ಕೆಪಾಸಿಟರಿನಲ್ಲಿ ಸಿಡಿಸುವಷ್ಟು ಶಕ್ತಿ ಸ್ವಲ್ಪ ಹೊತ್ತು ಉಳಿದಿರುತ್ತದೆ, ಆದ್ದರಿಂದ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಲೇಬೇಕು. ಪ್ರಿಟೆನ್ಷನರ್ ಅಥವಾ ಏರ್‌ಬ್ಯಾಗಿಗೆ ಮಲ್ಟಿಮೀಟರ್ ತಂತಿಯನ್ನು ನೇರವಾಗಿ ಮುಟ್ಟಿಸಬಾರದು.

ರಿಪೇರಿಯಾದ ಕಾರನ್ನು ತೆಗೆದುಕೊಳ್ಳುವಾಗ ಇಗ್ನಿಷನ್ ಆನ್ ಮಾಡಿ ಆ ಲೈಟನ್ನೇ ನೋಡಿ. ಅದು ಕೆಲವು ಸೆಕೆಂಡು ಉರಿದು ತಾನಾಗಿ ಆರಬೇಕು. ಒಮ್ಮೆಯೂ ಉರಿಯದಿದ್ದರೆ ಲೈಟನ್ನೇ ಕಿತ್ತಿರುವ ಅನುಮಾನವಿದೆ. ಬದಲಿಸಿದ ಹಳೆಯ ಬೆಲ್ಟ್ ಮತ್ತು ಮಾಡ್ಯೂಲನ್ನು ತೋರಿಸುವಂತೆ ಅಲ್ಲಿಯೇ ಕೇಳಿ.