ತುಪ್ಪದ ಪಕ್ಷ, ಕೊಬ್ಬರಿ ಎಣ್ಣೆ ಪಕ್ಷ ಮತ್ತು ಒಂದು ಬಿಸಿ ಪಫ್

ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ದಿನಾ ಬೆಳಗ್ಗೆ ಆರೂವರೆಗೆ ಮೂರು ಪಕ್ಷಗಳ ಅಧಿವೇಶನ ನಡೆಯುತ್ತದೆ. ತುಪ್ಪದ ಪಕ್ಷಕ್ಕೆ ನಮ್ಮ ರಾಯರು ನಾಯಕರು. ಕೊಬ್ಬರಿ ಎಣ್ಣೆ ಪಕ್ಷಕ್ಕೆ ಮಂಗಳೂರಿನ ಭಟ್ರು. ಗಾಣದ ಎಣ್ಣೆ ಪಕ್ಷ ಹೊಸದು, ಮಗಳ ಮನೆ ಪಕ್ಕ ಮರದ ಗಾಣದ ಅಂಗಡಿ ಶುರುವಾದ ಮೇಲೆ ಗೌಡ್ರು ಕಟ್ಟಿದ್ದು. ನಾನು ಪಕ್ಷೇತರ, ಅಂದರೆ ಎಲ್ಲರ ಹತ್ತಿರವೂ ಬೈಸಿಕೊಳ್ಳುವವನು.

ಒಂದು ಗಂಟೆ ಹೃದಯದ ಬಗ್ಗೆ ಕೂಗಾಡುತ್ತಾರೆ. ಏಳೂವರೆಗೆ ಅಧಿವೇಶನ ಮುಂದೂಡಿ, ಎಲ್ಲರೂ ಒಟ್ಟಿಗೆ ಬೇಕರಿಗೆ ಹೋಗಿ, ತಲಾ ಒಂದು ಬಿಸಿ ಪಫ್ ತಿನ್ನುತ್ತಾರೆ. ಪಫ್ ಬಗ್ಗೆ ಮಾತ್ರ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಒಂದು ಸಾಲಿಲ್ಲ.

ಕಳೆದ ವಾರ ಭಟ್ರು ಲಿಪಿಡ್ ಪ್ರೊಫೈಲ್ ರಿಪೋರ್ಟ್ ಹಿಡಿದುಕೊಂಡು ಬಂದರು. ಮೂರು ತಿಂಗಳಿಂದ ಅವರು ದಿನಾ ಬೆಳಗ್ಗೆ ಕರಿ ಕಾಫಿಗೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಹಾಕಿಕೊಂಡು ಕುಡಿಯುತ್ತಿದ್ದಾರೆ. ಯಾಕೆ ಅಂದರೆ ಮೊಬೈಲಿನಲ್ಲಿ ಒಬ್ಬರು ಕೋಟು ಹಾಕಿಕೊಂಡು ಹೇಳಿದ್ದಾರಂತೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 126 ಇದ್ದದ್ದು 139 ಆಗಿತ್ತು. ಒಳ್ಳೆಯದು ಅನ್ನಿಸಿಕೊಂಡ ಎಚ್‌ಡಿಎಲ್ 41ರಿಂದ 45ಕ್ಕೆ ಏರಿತ್ತು. ಭಟ್ರು ಎರಡನೇ ಸಾಲಿಗೆ ಮಾತ್ರ ಹಳದಿ ಬಣ್ಣ ಬಳಿದುಕೊಂಡು ಬಂದಿದ್ದರು.

"ಒಳ್ಳೆಯದು ಏರಿದೆ ಮಾರಾಯ್ರೇ, ಇನ್ನೇನು ಬೇಕು?"

ಒಬ್ಬರ ಒಂದು ರಿಪೋರ್ಟಿನಿಂದ ಏನೂ ಸಾಬೀತಾಗುವುದಿಲ್ಲ. ಅದೇ ಮನುಷ್ಯನಿಗೆ ಎರಡು ವಾರ ಬಿಟ್ಟು ಪರೀಕ್ಷೆ ಮಾಡಿದರೂ ಅಂಕಿ ಆಚೀಚೆ ಆಗುತ್ತದೆ. ಆದರೆ ಭಟ್ರ ರಿಪೋರ್ಟ್ ಪುಸ್ತಕ ನೋಡಿ ಬರೆದ ಹಾಗಿದೆ. 2020ರಲ್ಲಿ ಕೊಬ್ಬರಿ ಎಣ್ಣೆಯ ಮೇಲಿನ 16 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ್ದರು. ಸೂರ್ಯಕಾಂತಿ, ಸೋಯಾ, ಆಲಿವ್ ಥರದ ಎಣ್ಣೆಗೆ ಹೋಲಿಸಿದರೆ ಎಲ್‌ಡಿಎಲ್ ಸರಾಸರಿ 10ರಷ್ಟು ಏರಿತ್ತು, ಎಚ್‌ಡಿಎಲ್ 4ರಷ್ಟು. ಹಾಗಾದರೆ ಲೆಕ್ಕ ಚುಕ್ತಾ ಅಲ್ವಾ ಅಂತ ಭಟ್ರು ಕೇಳುತ್ತಾರೆ. ಅಲ್ಲ. ಎಚ್‌ಡಿಎಲ್ ಏರಿಸಿದರೆ ಹೃದಯಾಘಾತ ಕಡಿಮೆ ಆಗುತ್ತದೆ ಅಂತ ಔಷಧಿ ಕಂಪನಿಗಳೂ ನಂಬಿದ್ದವು. ಟೋರ್ಸೆಟ್ರಪಿಬ್ ಅನ್ನೋ ಮಾತ್ರೆ ಎಚ್‌ಡಿಎಲ್ಲನ್ನು ಶೇ. 70ಕ್ಕಿಂತ ಜಾಸ್ತಿ ಏರಿಸಿತು. ಆದರೆ ಮಾತ್ರೆ ತಗೊಂಡವರಲ್ಲೇ ಹೆಚ್ಚು ಜನ ಸತ್ತರು ಅಂತ 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ರಕ್ತನಾಳದ ಗೋಡೆಯೊಳಗೆ ಹೋಗಿ ಕೂರುವುದು ಎಲ್‌ಡಿಎಲ್. ಅದು ಏರಿದ್ದು ಏರಿದ್ದೇ, ಪಕ್ಕದ ಸಾಲಿನ ಅಂಕಿ ಅದನ್ನು ಅಳಿಸುವುದಿಲ್ಲ.

ಆದರೂ ಭಟ್ರ ಹತ್ತಿರ ಬ್ರಹ್ಮಾಸ್ತ್ರ ಇದೆ. "ಇದು ಮಧ್ಯಮ ಸರಪಳಿಯ ಕೊಬ್ಬು. ಸೀದಾ ಲಿವರಿಗೆ ಹೋಗಿ ಉರಿದು ಹೋಗ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೇ ಸಂಶೋಧನೆ ಆಗಿದೆ."

ಆಗಿದೆ, ಸುಳ್ಳಲ್ಲ. ಮಾಡಿದವರು ಮರೀ-ಪಿಯರ್ ಸೇಂಟ್-ಓಂಜ್. ಆದರೆ ಅವರು ಕೊಟ್ಟಿದ್ದು ಕೊಬ್ಬರಿ ಎಣ್ಣೆ ಅಲ್ಲ, ಪೂರ್ತಿ ಮಧ್ಯಮ ಸರಪಳಿಯ ಕೊಬ್ಬೇ ಇರುವ ಹಾಗೆ ಪ್ರಯೋಗಕ್ಕೆಂದೇ ಮಾಡಿಸಿದ ಎಣ್ಣೆ. ಅಂಥ ಚಿಕ್ಕ ಕೊಬ್ಬು, ಸರಪಳಿಯಲ್ಲಿ ಎಂಟು ಇಲ್ಲವೇ ಹತ್ತು ಇಂಗಾಲದ ಪರಮಾಣು ಇರುವುದು, ಕೊಬ್ಬರಿ ಎಣ್ಣೆಯಲ್ಲಿ ಇರುವುದು ನೂರಕ್ಕೆ 15 ಭಾಗ, ಅಷ್ಟೇ. ಅರ್ಧದಷ್ಟು ಇರುವುದು ಲಾರಿಕ್ ಆಮ್ಲ, ಹನ್ನೆರಡು ಇಂಗಾಲದ್ದು. ರಸಾಯನಶಾಸ್ತ್ರದ ಪಟ್ಟಿಯಲ್ಲಿ ಅದನ್ನೂ ಮಧ್ಯಮ ಅಂತಲೇ ಬರೆದಿರುತ್ತಾರೆ. ಆದರೆ ನಮ್ಮ ಕರುಳು ಆ ಪಟ್ಟಿ ಓದಿಲ್ಲ. ಅದು ಲಾರಿಕ್ ಆಮ್ಲದ ಬಹುಪಾಲನ್ನು ಉದ್ದ ಸರಪಳಿಯ ಕೊಬ್ಬಿನ ಹಾಗೇ ಕಟ್ಟಿ, ಸುತ್ತು ದಾರಿಯಲ್ಲಿ ರಕ್ತಕ್ಕೆ ಕಳಿಸುತ್ತದೆ. ಇಷ್ಟು ಹೇಳುವಷ್ಟರಲ್ಲಿ ಭಟ್ರು ಎರಡು ಸುತ್ತು ವಾಕಿಂಗ್ ಮುಗಿಸಿದ್ದರು.

ಹಾಗಂತ ಆ ಕಡೆಯವರೇನೂ ಕಡಿಮೆ ಇಲ್ಲ. 2018ರಲ್ಲಿ ಹಾರ್ವರ್ಡಿನ ಪ್ರೊಫೆಸರ್ ಕರಿನ್ ಮಿಶೆಲ್ಸ್ ಜರ್ಮನಿಯ ಫ್ರೈಬರ್ಗಿನಲ್ಲಿ ಭಾಷಣ ಮಾಡುತ್ತಾ ಕೊಬ್ಬರಿ ಎಣ್ಣೆ ಅಪ್ಪಟ ವಿಷ ಅಂದುಬಿಟ್ಟರು. ನಮ್ಮ ಕೇಂದ್ರ ಸರ್ಕಾರದ ತೋಟಗಾರಿಕೆ ಆಯುಕ್ತರು ಮಾತು ವಾಪಸ್ ತಗೊಳ್ಳಿ ಅಂತ ಹಾರ್ವರ್ಡಿಗೆ ಪತ್ರ ಬರೆದರು. ಹೃದಯದ ವಿಷಯಕ್ಕೆ ತೋಟಗಾರಿಕೆ ಇಲಾಖೆ! ಆರೋಗ್ಯ ಇಲಾಖೆ ಆಗ ತೆಂಗಿನ ಮರ ಹತ್ತುತ್ತಿತ್ತೋ ಏನೋ. ವಿಷವೂ ಅಲ್ಲ, ಅಮೃತವೂ ಅಲ್ಲ ಮಾರಾಯ್ರೇ, ಒಗ್ಗರಣೆಗೆ ಹಾಕುವ ಎಣ್ಣೆ ಅದು. ಅವಿಯಲ್ ಮೇಲೆ ಒಂದು ಚಮಚ ಬೀಳುವುದಕ್ಕೂ ಕಾಫಿ ಲೋಟಕ್ಕೆ ಸುರಿದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ.

ಎಷ್ಟು ವ್ಯತ್ಯಾಸ? ಎಲ್‌ಡಿಎಲ್ ಏರಿಸುವುದು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪ, ಕೊಬ್ಬರಿ ಎಣ್ಣೆಯ ಹಾಗೆ ತಣ್ಣಗಾದರೆ ಗಟ್ಟಿಯಾಗುವ ಜಾತಿಯದು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರು ಅದರಲ್ಲಿ ಶೇ. 10ಕ್ಕಿಂತ ಜಾಸ್ತಿಯನ್ನು ಈ ಕೊಬ್ಬಿನಿಂದ ಪಡೆಯಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗ್ರಾಂ ಲೆಕ್ಕದಲ್ಲಿ ಸುಮಾರು 22. ಭಟ್ರ ಎರಡು ಚಮಚ ಅಂದರೆ 27 ಗ್ರಾಂ ಎಣ್ಣೆ, ಅದರಲ್ಲಿ ಹೆಚ್ಚುಕಡಿಮೆ ಶೇ. 90 ಸ್ಯಾಚುರೇಟೆಡ್. ಅಂದರೆ ಪೇಪರ್ ಬಿಡಿಸುವ ಮೊದಲೇ ಅವರ ದಿನದ ಕೋಟಾ ಮುಗಿದು, ನಾಳೆಯದಕ್ಕೂ ಕೈ ಹಾಕಿದ್ದಾರೆ. ಇದೆಲ್ಲ ಕೇಳಿ ಗೌಡ್ರು, "ಅದಕ್ಕೇ ಹೇಳೋದು, ಗಾಣದ್ದು ತಗೊಳ್ಳಿ" ಅಂದರು. ಗಾಣ ತಿರುಗಿದರೆ ವಾಸನೆ ಉಳಿಯುತ್ತದೆ, ಸ್ವಲ್ಪ ವಿಟಮಿನ್ ಉಳಿಯಬಹುದು. ಕೊಬ್ಬಿನ ಜಾತಿ ಬದಲಾಗುವುದಿಲ್ಲ ಗೌಡ್ರೇ. ಎತ್ತು ಎಷ್ಟು ಸುತ್ತು ಹಾಕಿದರೂ ಕೊಬ್ಬರಿ ಶೇಂಗಾ ಆಗುವುದಿಲ್ಲ.

ಈಗ ರಾಯರು. ಅವರ ಫೋನಿನಲ್ಲಿ ಅಮೆರಿಕದ ಪತ್ರಿಕೆಯೊಂದರ 2014ರ ಮುಖಪುಟ ಇದೆ, ಬೆಣ್ಣೆಯ ಚಿತ್ರ ಇರುವುದು. ಆ ವರ್ಷ ಬಂದ ಒಂದು ದೊಡ್ಡ ವಿಶ್ಲೇಷಣೆ, ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ತಿನ್ನುವವರಿಗೂ ಕಡಿಮೆ ತಿನ್ನುವವರಿಗೂ ಹೃದ್ರೋಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಅಂದಿತ್ತು. ರಾಯರಿಗೆ ಅಷ್ಟು ಸಾಕು. ಕಡಿಮೆ ತಿನ್ನುವವರು ಅದರ ಬದಲು ಏನು ತಿಂದರು ಅಂತ ಅವರು ಕೇಳುವುದಿಲ್ಲ, ಎಲ್ಲ ಗುಟ್ಟು ಇರುವುದೇ ಅಲ್ಲಿ. ತುಪ್ಪ ಬಿಟ್ಟು ಮೈದಾ, ಸಕ್ಕರೆ ಹಿಡಿದವರಿಗೆ ಲಾಭ ಕಾಣುವುದಿಲ್ಲ. ತುಪ್ಪದ ಜಾಗದಲ್ಲಿ ಶೇಂಗಾ, ಸೂರ್ಯಕಾಂತಿ, ಸಾಸಿವೆ ಎಣ್ಣೆ ಬಂದವರಿಗೆ ಕಾಣುತ್ತದೆ. ನಮ್ಮ ಬೀದಿಯಲ್ಲಿ ಡಾಕ್ಟರ್ ಹೇಳಿದರು ಅಂತ ತುಪ್ಪ ಬಿಟ್ಟು, ಕಾಫಿ ಜೊತೆ ನಾಲ್ಕು ರಸ್ಕ್ ಶುರು ಮಾಡಿದವರು ಎಷ್ಟು ಮಂದಿ ಬೇಕು?

"ನಮ್ಮ ತಾತ ಬಟ್ಟಲಲ್ಲಿ ತುಪ್ಪ ಕುಡಿದು ತೊಂಬತ್ತು ವರ್ಷ ಬದುಕಿದರು ಕಣ್ರೀ" ಅಂತಾರೆ ರಾಯರು. ಬದುಕಿದರು, ಸಂತೋಷ. ತಾತನ ಜೊತೆ ತುಪ್ಪ ಕುಡಿದು ಐವತ್ತಕ್ಕೇ ಹೋದವರ ಮೊಮ್ಮಕ್ಕಳು ಪಾರ್ಕಿನಲ್ಲಿ ಆ ಕಥೆ ಹೇಳುವುದಿಲ್ಲ, ಅಷ್ಟೇ. ತಾತ ಮೂರು ಮೈಲಿ ನಡೆದು ತೋಟಕ್ಕೆ ಹೋಗುತ್ತಿದ್ದರು. ರಾಯರು ಆಟೋದಲ್ಲಿ ವಾಕಿಂಗಿಗೆ ಬರುತ್ತಾರೆ. ಬಿಸಿ ಅನ್ನಕ್ಕೆ ಒಂದು ಚಿಕ್ಕ ಚಮಚ ತುಪ್ಪ, ಅಂದರೆ ಮೂರು ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅದಕ್ಕೆ ಯಾರೂ ಗಾಬರಿ ಆಗಬೇಕಿಲ್ಲ. ಆದರೆ ಈಗ ಊರ ತುಂಬ ತುಪ್ಪದ ಪುಡಿ ಇಡ್ಲಿ. ಇಡ್ಲಿ ತೇಲಬೇಕು, ತಟ್ಟೆ ವಾಲಿಸಿದರೆ ಹರಿಯಬೇಕು, ಹಾಗಿದ್ದರೇ ಫೋಟೋ. ಮೂರು ದೊಡ್ಡ ಚಮಚ ಬಿದ್ದರೆ ಅಲ್ಲೇ 25 ಗ್ರಾಂ. ಹಬೆಯಲ್ಲಿ ಬೆಂದ, ಎಣ್ಣೆಯೇ ಇಲ್ಲದ ಒಂದು ತಿಂಡಿ ನಮ್ಮ ಹತ್ತಿರ ಇತ್ತು. ಅದನ್ನೂ ಬಿಡಲಿಲ್ಲ ನಾವು.

ಇಷ್ಟೆಲ್ಲ ಜಗಳ ಆದ ಮೇಲೆ ಪಫ್.

ಪದರ ಪದರ ಬಿಡಬೇಕಾದರೆ ಹಿಟ್ಟಿನ ನಡುವೆ ಗಟ್ಟಿ ಕೊಬ್ಬು ಬೇಕು, ಎಣ್ಣೆ ಸುರಿದರೆ ಆಗುವುದಿಲ್ಲ. ಬೆಣ್ಣೆ ದುಬಾರಿ. ಹಾಗಾಗಿ ವನಸ್ಪತಿ, ನಮ್ಮ ಬಾಯಲ್ಲಿ ಡಾಲ್ಡಾ. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅರ್ಧಕ್ಕೆ ನಿಲ್ಲಿಸಿದರೆ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಎಲ್‌ಡಿಎಲ್ ಏರಿಸುತ್ತದೆ, ಜೊತೆಗೆ ಎಚ್‌ಡಿಎಲ್ ಇಳಿಸುತ್ತದೆ. ಇದರ ಬಗ್ಗೆ ವಿಜ್ಞಾನಿಗಳಲ್ಲಿ ಪಕ್ಷಭೇದ ಇಲ್ಲ. ದಿನಕ್ಕೆ ನಾಲ್ಕೈದು ಗ್ರಾಂ ಒಳಗೆ ಹೋದರೆ ಹೃದ್ರೋಗದ ಅಪಾಯ ಶೇ. 23 ಜಾಸ್ತಿ ಅಂತ 2006ರಲ್ಲೇ ಲೆಕ್ಕ ಹಾಕಿದ್ದಾರೆ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಎಷ್ಟಿರಬಹುದು ಅನ್ನೋ ಮಿತಿಯನ್ನು ಮೊದಲು ಶೇ. 10, ಆಮೇಲೆ 5, 2021ಕ್ಕೆ 3, 2022ರ ಜನವರಿಯಿಂದ 2 ಅಂತ ಇಳಿಸುತ್ತಾ ಬಂತು. ಪಫ್ ಒಂದರಲ್ಲಿ 15 ಗ್ರಾಂ ವನಸ್ಪತಿ ಇದೆ ಅಂದುಕೊಳ್ಳಿ. ಹಳೆಯ ಶೇ. 10ರ ಮಿತಿಯಲ್ಲಿ ಒಂದೂವರೆ ಗ್ರಾಂ ಟ್ರಾನ್ಸ್, ಮೂರು ಪಫ್ ತಿಂದರೆ ಕಥೆ ಮುಗಿಯಿತು. ಈಗಿನ ಮಿತಿಯಲ್ಲಿ 0.3 ಗ್ರಾಂ. ನಿಜಕ್ಕೂ ದೊಡ್ಡ ಗೆಲುವು, ಆದರೆ ಅದಕ್ಕೆ ಒಂದೇ ಒಂದು ಗುಡ್ ಮಾರ್ನಿಂಗ್ ಸಂದೇಶ ಬರಲಿಲ್ಲ.

ಆದರೆ ಕೊಬ್ಬು ಗಟ್ಟಿಯಾಗಿಯೇ ಇರಬೇಕಲ್ಲ? ಟ್ರಾನ್ಸ್ ತೆಗೆದ ಜಾಗಕ್ಕೆ ಸಾಮಾನ್ಯವಾಗಿ ತಾಳೆ ಎಣ್ಣೆಯ ಗಟ್ಟಿ ಭಾಗ ಬಂದು ಕೂರುತ್ತದೆ, ಅದು ಸ್ಯಾಚುರೇಟೆಡ್. ಅದಕ್ಕೇ ಬಿಸ್ಕೆಟ್ ಪೊಟ್ಟಣದ ಮುಂದೆ "ಟ್ರಾನ್ಸ್ ಕೊಬ್ಬು ಸೊನ್ನೆ" ಅಂತ ಹಸಿರು ಎಲೆ ಸಮೇತ ಬರೆದಿದ್ದರೆ, ಹಿಂದೆ ತಿರುಗಿಸಿ ಅದರ ಪಕ್ಕದ ಸಾಲು ಓದಿ. ನೂರು ಗ್ರಾಮಿಗೆ 0.2ಕ್ಕಿಂತ ಕಡಿಮೆ ಇದ್ದರೆ ಹಾಗೆ ಬರೆದುಕೊಳ್ಳಬಹುದು, ತಪ್ಪಿಲ್ಲ. ಎಣ್ಣೆ ಪೊಟ್ಟಣದ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ಬರೆಯುವುದಂತೂ ಇನ್ನೂ ಮಜಾ. ಗಿಡದ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಲೆಕ್ಕಕ್ಕೆ ಬರುವಷ್ಟು ಯಾವತ್ತಿಗೂ ಇರಲಿಲ್ಲ. ಬಾಳೆಹಣ್ಣಿನ ಮೇಲೆ "ಇದರಲ್ಲಿ ಮೀನಿನ ಮುಳ್ಳಿಲ್ಲ" ಅಂತ ಚೀಟಿ ಅಂಟಿಸಿದ ಹಾಗೆ.

ಬೇಕರಿಯ ಬಿಡಿ ಪಫ್‌ಗೆ ತಿರುಗಿಸಿ ನೋಡಲು ಹಿಂಬದಿಯೂ ಇಲ್ಲ. ತಿಂದ ಮೇಲೆ ಅಂಗುಳಕ್ಕೆ ಮೇಣದ ಹಾಗೆ ಅಂಟಿಕೊಂಡರೆ ಗಟ್ಟಿ ಕೊಬ್ಬು ಅಂತ ಗೊತ್ತಾಗುತ್ತದೆ, ಟ್ರಾನ್ಸ್ ಎಷ್ಟು ಅಂತ ನಾಲಗೆ ಹೇಳುವುದಿಲ್ಲ. ಅದಕ್ಕೆ ಡಬ್ಬವನ್ನೇ ನೋಡಬೇಕು. ಇವತ್ತು ಧೈರ್ಯ ಮಾಡಿ ಕೌಂಟರಿನ ಹುಡುಗನನ್ನು ಕೇಳಿಯೇಬಿಟ್ಟೆ.

"ತಮ್ಮಾ, ಪಫ್‌ಗೆ ಏನು ಹಾಕ್ತೀರಪ್ಪಾ? ಡಬ್ಬ ಸ್ವಲ್ಪ ತೋರಿಸ್ತೀಯಾ?"

ಅವನು ಒಳಗೆ ನೋಡಿ ಕೂಗಿ ಕೇಳಿ, ವಾಪಸ್ ತಿರುಗಿ ಹೇಳಿದ: "ಡಬ್ಬ ಖಾಲಿ ಆಗಿ ಗುಜರಿಗೆ ಹೋಯ್ತಂತೆ ಸಾರ್. ತುಪ್ಪಾನೇ ಅದು. ವನಸ್ಪತಿ ತುಪ್ಪ."

"ನೋಡಿದ್ರಾ?" ಅಂತ ರಾಯರು ಭಟ್ರ ಕಡೆ ತಿರುಗಿದರು. "ತುಪ್ಪ!"

ಭಟ್ರು ಮುಖ ಊದಿಸಿಕೊಂಡು, "ವನಸ್ಪತಿ ಅಂದ್ರೆ ಗಿಡದ್ದು ಮಾರಾಯ್ರೇ, ನಿಮ್ಮ ದನದ್ದಲ್ಲ" ಅಂದರು. ಗೌಡ್ರು ಎರಡನೇ ಪಫ್ ಮುರಿಯುತ್ತಾ, ಅದನ್ನು ಗಾಣದಲ್ಲಿ ತೆಗೆದದ್ದಾ ಅಂತ ಹುಡುಗನನ್ನು ವಿಚಾರಿಸುತ್ತಿದ್ದರು.